ಪೆನ್ಸಿಲ್ ಹಿಡಿದುಕೊಳ್ಳಿ, ಏಳು ಸಾಮಾನು

1926ರ ಅಕ್ಟೋಬರ್ 4, ಸೋಮವಾರ. ಅಮೆರಿಕದ ಹಲವಾರು ರೇಡಿಯೋ ಕೇಂದ್ರಗಳಲ್ಲಿ ಅಂದು ಒಬ್ಬೊಬ್ಬ ಹೆಂಗಸು ಮೈಕಿನ ಮುಂದೆ ಕುಳಿತು ತಾನು ‘ಆಂಟ್ ಸ್ಯಾಮಿ’ ಎಂದು ಹೇಳಿಕೊಂಡಳು. ಒಬ್ಬೊಬ್ಬಳದೂ ಒಂದೊಂದು ದನಿ, ಒಂದೊಂದು ಸೀಮೆಯ ಉಚ್ಚಾರ. ಓದಿದ್ದು ಮಾತ್ರ ಒಂದೇ ಬರಹ. ವಾಷಿಂಗ್ಟನ್ನಿನ ಕೃಷಿ ಇಲಾಖೆಯಲ್ಲಿ ಟೈಪಾಗಿ, ಪ್ರತಿಗಳಾಗಿ, ಅಂಚೆಯಲ್ಲಿ ಮೊದಲೇ ಬಂದು ಸೇರಿದ್ದ ಬರಹ ಅದು. ಅಂಕಲ್ ಸ್ಯಾಮ್ ಅಮೆರಿಕ ಸರ್ಕಾರದ ವ್ಯಂಗ್ಯಚಿತ್ರದ ಮುಖ. ಅವನಿಗೊಬ್ಬ ಹೆಂಡತಿ ಇದ್ದರೆ ಅವಳೇ ಆಂಟ್ ಸ್ಯಾಮಿ, ಎಲ್ಲರಿಗೂ ಚಿಕ್ಕಮ್ಮನೋ ಅತ್ತೆಯೋ ಆಗಬಹುದಾದವಳು. ಕಾರ್ಯಕ್ರಮದ ಹೆಸರು ‘ಹೌಸ್‌ಕೀಪರ್ಸ್ ಚಾಟ್’, ಗೃಹಿಣಿಯರ ಹರಟೆ. ಸೋಮವಾರದಿಂದ ಶುಕ್ರವಾರದವರೆಗೆ, ಗಂಡಸರು ಹೊಲಕ್ಕೋ ಕಚೇರಿಗೋ ಹೋಗಿ ಮನೆ ತುಸು ಖಾಲಿಯಾದ ಹೊತ್ತಿಗೆ, ಸುಮಾರು ಕಾಲು ಗಂಟೆ.

ಹಗಲು ಹೊತ್ತಿನ ಅಡುಗೆ ಕಾರ್ಯಕ್ರಮಗಳನ್ನು ನಾವು ಸಾಮಾನ್ಯವಾಗಿ ಅಡುಗೆಯ ಕಡೆಯಿಂದ ನೋಡುತ್ತೇವೆ: ಯಾರು ಏನು ಮಾಡಿ ತೋರಿಸಿದರು, ರುಚಿ ಹೇಗಿತ್ತು ಅಂತ. ಆಂಟ್ ಸ್ಯಾಮಿಯ ಹಳೆಯ ಬರಹಗಳನ್ನು ಓದುವಾಗ ನನ್ನ ಗಮನ ಹೋದದ್ದು ಬೇರೆ ಕಡೆಗೆ. ಆ ಕಾಲು ಗಂಟೆಯ ಕಟ್ಟಡ ಇಡೀ ನಿಂತಿದ್ದದ್ದು ಕೇಳುವವಳ ಕೈಯ ಪೆನ್ಸಿಲಿನ ಮೇಲೆ. ಯಾವಾಗ ಹರಟಬೇಕು, ಯಾವಾಗ ನಿಧಾನಿಸಬೇಕು, ಯಾವುದನ್ನು ಎರಡು ಸಲ ಹೇಳಬೇಕು ಎಂಬುದನ್ನೆಲ್ಲ ನಿರ್ಧರಿಸಿದ್ದು ಆ ಪೆನ್ಸಿಲ್.

ಹಿನ್ನೆಲೆ ಚಿಕ್ಕದು. ಕೃಷಿ ಇಲಾಖೆಯಲ್ಲಿ 1923ರಲ್ಲಿ ಗೃಹವಿಜ್ಞಾನಕ್ಕೇ ಒಂದು ಪ್ರತ್ಯೇಕ ವಿಭಾಗ ಹುಟ್ಟಿತು. ಅದರ ಮುಖ್ಯಸ್ಥೆ ಲೂಯಿಸ್ ಸ್ಟ್ಯಾನ್ಲಿ. ಅಲ್ಲಿ ಹೆಂಗಸರು ಮಾಂಸವನ್ನು ಯಾವ ಬಿಸಿಯಲ್ಲಿ ಎಷ್ಟು ಹೊತ್ತು ಬೇಯಿಸಬೇಕು, ಯಾವ ಬಟ್ಟೆ ಎಷ್ಟು ಒಗೆತ ತಾಳುತ್ತದೆ, ಕಡಿಮೆ ದುಡ್ಡಿನಲ್ಲಿ ಮಗುವಿಗೆ ಏನು ತಿನ್ನಿಸಬಹುದು ಎಂಬುದನ್ನು ಪರೀಕ್ಷೆ ಮಾಡಿ ನೋಡುತ್ತಿದ್ದರು. ಫಲಿತಾಂಶ ಪುಸ್ತಿಕೆಗಳಾಗಿ ಅಚ್ಚಾಗುತ್ತಿತ್ತು. ಆದರೆ ಪುಸ್ತಿಕೆ ಇದೆ ಎಂದು ಗೊತ್ತಿದ್ದವರು ಮಾತ್ರ ಅದನ್ನು ತರಿಸಿಕೊಳ್ಳುತ್ತಿದ್ದರು. ರೇಡಿಯೋ ಬಂದಾಗ ಇಲಾಖೆ ಒಂದು ರೇಡಿಯೋ ಶಾಖೆಯನ್ನೂ ತೆರೆಯಿತು. ಅದರ ಹೊಣೆ ಹೊತ್ತ ಸ್ಯಾಮ್ ಪಿಕಾರ್ಡ್ ಕಾನ್ಸಾಸ್‌ನ ಕೃಷಿ ಕಾಲೇಜಿನ ರೇಡಿಯೋದಿಂದ ಬಂದವನು. ಆಂಟ್ ಸ್ಯಾಮಿಯ ಮಾತನ್ನು ಮೊದಮೊದಲು ಬರೆದವಳು ಜೋಸೆಫಿನ್ ಹೆಂಫಿಲ್. ಸರ್ಕಾರದ ಸಲಹೆಯನ್ನು ಸರ್ಕಾರದ ಭಾಷೆಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಈ ಇಬ್ಬರಿಗೂ ಗೊತ್ತಿತ್ತು.

ಬರಹದ ಮೊದಲ ಹಾಳೆಯ ತಲೆಯ ಮೇಲೆ ತಾರೀಖು, ಅದರ ಜೊತೆಗೆ ‘ಪ್ರಸಾರಕ್ಕೆ ಮಾತ್ರ, ಅಚ್ಚಿಗಲ್ಲ’ ಎಂಬ ಸೂಚನೆ. ಕೆಳಗೆ ಆ ದಿನದ ವಿಷಯ, ಮಾಹಿತಿ ಕೊಟ್ಟದ್ದು ಗೃಹವಿಜ್ಞಾನ ವಿಭಾಗ ಎಂಬ ಒಂದು ಸಾಲು, ಕೇಳಿದವರಿಗೆ ಕಳಿಸಬಹುದಾದ ಪುಸ್ತಿಕೆಯ ಹೆಸರು. ಇವು ಓದುವವಳ ತಿಳಿವಳಿಕೆಗೆ. ಆಮೇಲೆ ಹರಟೆ ಶುರು.

ಹರಟೆಯಲ್ಲಿ ಒಂದು ಸಣ್ಣ ಸಂಸಾರವೇ ಇತ್ತು. ಅಂಕಲ್ ಎಬನೀಜರ್ ಎಂಬ ಮುದುಕ, ತನಗೆ ಎಲ್ಲ ಗೊತ್ತು ಎನ್ನುವವನು. ಪಕ್ಕದ ಮನೆಯಾಕೆ, ಅವಳ ಮಗ ಬಿಲ್ಲಿ. ಮೆನು ಹಾಕಿಕೊಡುವ ಒಬ್ಬ ತಜ್ಞೆ, ಪಾಕ ಹೇಳಿಕೊಡುವ ಇನ್ನೊಬ್ಬ ತಜ್ಞೆ. ಈ ಇಬ್ಬರು ತಜ್ಞೆಯರನ್ನು ಇಟ್ಟದ್ದು ಜಾಣತನ. ಆಂಟ್ ಸ್ಯಾಮಿ ತಾನೇ ವಿದ್ವಾಂಸಳು ಎಂದು ಎಲ್ಲೂ ಹೇಳಿಕೊಳ್ಳುವುದಿಲ್ಲ. ಪಕ್ಕದ ಮನೆಯಾಕೆಗೆ ಒಂದು ಸಂಶಯ ಬರುತ್ತದೆ, ಆಂಟ್ ಸ್ಯಾಮಿ ಹೋಗಿ ತಜ್ಞೆಯನ್ನು ಕೇಳುತ್ತಾಳೆ, ಬಂದು ನಮಗೆ ಹೇಳುತ್ತಾಳೆ. ಪ್ರಯೋಗಶಾಲೆಯ ಮಾತು ಹೀಗೆ ಎರಡು ಬಾಯಿ ದಾಟಿ ಬರುವಷ್ಟರಲ್ಲಿ ಅದರ ಗಡಸು ಕಳೆದಿರುತ್ತಿತ್ತು. ಓದುವವಳಿಗೂ ಇದರಿಂದ ಉಪಕಾರ. ಆಕೆ ಅದೇ ಊರಿನ ಯಾರೋ ಒಬ್ಬಳು, ಗೃಹವಿಜ್ಞಾನ ಓದಿದವಳೇ ಆಗಿರಬೇಕೆಂದಿಲ್ಲ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ನಟಿಸುವ ಕಷ್ಟ ಆಕೆಗೆ ಇರಲಿಲ್ಲ.

ಹರಟೆ ಮೊದಲೇ ಯಾಕೆ? ಮನರಂಜನೆ ಎಂಬುದು ಸುಲಭದ ಉತ್ತರ. ನನಗೆ ತೋರುವ ಕಾರಣ ಬೇರೆ. ಆಗಿನ ಎಷ್ಟೋ ರೇಡಿಯೋಗಳಲ್ಲಿ ಒಂದಲ್ಲ, ಮೂರು ಗುಂಡಿ ತಿರುಗಿಸಿ ಕೇಂದ್ರವನ್ನು ಹಿಡಿಯಬೇಕಿತ್ತು. ಹಳ್ಳಿಗಳಲ್ಲಿ ವಿದ್ಯುತ್ತಿಲ್ಲದ ಮನೆಗಳೇ ಹೆಚ್ಚು, ಅಲ್ಲಿ ಪೆಟ್ಟಿಗೆ ನಡೆಯುತ್ತಿದ್ದದ್ದು ಬ್ಯಾಟರಿಯಿಂದ. ಬೇಕಾದ ಹೊತ್ತಿಗೆ ಮಾತ್ರ ಹಚ್ಚುವುದು ಮಿತವ್ಯಯ. ಒಲೆಯ ಮೇಲಿನದನ್ನು ಇಳಿಸಿ, ಕೈ ಒರೆಸಿಕೊಂಡು, ಕೇಂದ್ರ ಹಿಡಿದು ಕೂರುವಷ್ಟರಲ್ಲಿ ಎರಡು ಮೂರು ನಿಮಿಷ ಹೋಗಿರುತ್ತದೆ. ಆ ಮೂರು ನಿಮಿಷದಲ್ಲಿ ಎಬನೀಜರನ ಕಥೆ ತಪ್ಪಿಹೋದರೆ ಊಟಕ್ಕೆ ನಷ್ಟವಿಲ್ಲ. ಮೈದಾದ ಅಳತೆ ತಪ್ಪಿಹೋದರೆ ಇದೆ. ತಪ್ಪಿಸಿಕೊಳ್ಳಬಹುದಾದದ್ದು ಮೊದಲು, ತಪ್ಪಿಸಿಕೊಳ್ಳಬಾರದ್ದು ಆಮೇಲೆ.

ಹರಟೆಯ ಬಾಲಕ್ಕೆ ಅಂಟಿಕೊಂಡೇ ಕೇಳುಗರ ಪ್ರಶ್ನೆಗಳು ಬರುತ್ತಿದ್ದವು, ಒಂದೆರಡು, ಕೆಲವು ದಿನ ಮೂರು. ಬಟ್ಟೆಯ ಕಲೆ, ಕಿಟಕಿಯ ಪರದೆ, ಮಕ್ಕಳ ಊಟ, ಪಾತ್ರೆಯ ತುಕ್ಕು. ಒಂದೊಂದಕ್ಕೆ ಅರ್ಧ ನಿಮಿಷವೋ ಒಂದು ನಿಮಿಷವೋ ಉತ್ತರ, ಇನ್ನೂ ಬೇಕೆನ್ನುವವರಿಗೆ ಪುಸ್ತಿಕೆ. ಪುಸ್ತಿಕೆ ಪುಕ್ಕಟೆ, ಒಂದು ಕಾರ್ಡು ಬರೆದರೆ ಸಾಕು. ಆ ಕಾರ್ಡುಗಳೇ ಕಾರ್ಯಕ್ರಮಕ್ಕೆ ಲೆಕ್ಕ. ಎಷ್ಟು ಜನ ಕೇಳುತ್ತಿದ್ದಾರೆ ಎಂದು ಅಳೆಯುವ ಬೇರೆ ಸಾಧನ ಆಗ ಇರಲಿಲ್ಲ. ಯಾವ ವಿಷಯಕ್ಕೆ ಕಾರ್ಡು ಹೆಚ್ಚು ಬಂತೋ ಆ ವಿಷಯ ಮತ್ತೆ ಬರುತ್ತಿತ್ತು.

ಈಗ ಮುಖ್ಯ ಭಾಗಕ್ಕೆ ಬರೋಣ, ಪಾಕ. ಇದನ್ನು ಒಂದು ಉದಾಹರಣೆ ಹಿಡಿದು ನೋಡಿದರೆ ಚೆನ್ನ. ಈ ವಿಭಾಗ ವರ್ಷಗಟ್ಟಲೆ ಹಂಚಿದ ಪಾಕಗಳಲ್ಲಿ ಹೆಸರಾದದ್ದು ‘ಐದು ನಿಮಿಷದ ಕೋಸು’. ಆ ಕಾಲದ ಅಮೆರಿಕದ ಎಷ್ಟೋ ಮನೆಗಳಲ್ಲಿ ಎಲೆಕೋಸನ್ನು ದೊಡ್ಡ ತುಂಡು ಮಾಡಿ ನೀರಿನಲ್ಲಿ ಹಾಕಿ ಬಹಳ ಹೊತ್ತು ಕುದಿಸುತ್ತಿದ್ದರು. ಕೋಸಿನಲ್ಲಿ ಗಂಧಕದ ಅಂಶವಿದೆ. ಕುದಿಯುವುದು ಹೆಚ್ಚಿದಷ್ಟೂ ಅದು ಒಡೆದು ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ, ಬಿಳಿ ಹಸಿರು ಬಣ್ಣ ಮಾಸಲಾಗುತ್ತದೆ. ಮನೆ ತುಂಬ ಹರಡುವ ಆ ವಾಸನೆಗೆ ಜನ ಕೋಸನ್ನು ಬೈಯುತ್ತಿದ್ದರು. ವಿಭಾಗದವರು ಹೇಳಿದ್ದು, ಬೈಯಬೇಕಾದದ್ದು ಗಡಿಯಾರವನ್ನು.

ಈ ಪಾಕ ಆಂಟ್ ಸ್ಯಾಮಿಯ ಕ್ರಮದಲ್ಲಿ ರೇಡಿಯೋದಲ್ಲಿ ಹೇಗೆ ಬರುತ್ತದೆ ನೋಡಿ. ಮೊದಲು ಎಚ್ಚರಿಕೆ: ಪೆನ್ಸಿಲ್, ಕಾಗದ ತೆಗೆದುಕೊಳ್ಳಿ. ಆಮೇಲೆ ಒಂದು ಸಂಖ್ಯೆ: ಐದು ನಿಮಿಷದ ಕೋಸಿಗೆ ಏಳು ಸಾಮಾನು. ಹೆಸರಿಗಿಂತ, ಅಳತೆಗಿಂತ ಮೊದಲು ಈ ಏಳು ಬರಬೇಕು. ಬರೆದುಕೊಳ್ಳುವವಳು ಕಾಗದದಲ್ಲಿ ಏಳು ಸಾಲಿಗೆ ಜಾಗ ಬಿಡುತ್ತಾಳೆ. ಕೊನೆಗೆ ಎಣಿಸಿದಾಗ ಆರೇ ಇದ್ದರೆ ಒಂದು ಬಿಟ್ಟುಹೋಗಿದೆ ಎಂದು ಅವಳಿಗೆ ತಾನಾಗಿ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಬುದ್ಧಿವಂತಿಕೆಯ ಮಾತು ಈ ಒಂದು ಸಂಖ್ಯೆ. ಕೇಳುವವಳು ಮರುಪ್ರಶ್ನೆ ಹಾಕಲಾರದ ಒಂದು ಪೆಟ್ಟಿಗೆಯಲ್ಲಿ, ತಪ್ಪನ್ನು ತಾನೇ ಹಿಡಿಯುವ ಉಪಾಯವನ್ನು ಅವಳ ಕೈಗೇ ಕೊಟ್ಟಿದ್ದರು.

ನಂತರ ಸಾಮಾನು, ಒಂದೊಂದಾಗಿ. ಸಣ್ಣಗೆ ಹೆಚ್ಚಿದ ಕೋಸು ಒಂದೂವರೆ ಕ್ವಾರ್ಟ್, ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಲೀಟರ್ ನಾನೂರು ಮಿಲಿಯಷ್ಟು ಪಾತ್ರೆ ತುಂಬ. ಹಾಲು ಮೂರು ಕಪ್ಪು. ಕೆನೆ ಅಥವಾ ಗಟ್ಟಿ ಹಾಲು ಒಂದು ಕಪ್ಪು. ಬೆಣ್ಣೆ ಎರಡು ದೊಡ್ಡ ಚಮಚ. ಮೈದಾ ಎರಡು ದೊಡ್ಡ ಚಮಚ. ಉಪ್ಪು, ಮೆಣಸಿನ ಪುಡಿ. ಒಂದೊಂದರ ನಡುವೆ ಓದುವವಳು ನಿಲ್ಲುತ್ತಾಳೆ. ಕೊನೆಯಲ್ಲಿ, ಏಳು ಸಾಮಾನನ್ನು ಇನ್ನೊಮ್ಮೆ ಹೇಳುತ್ತೇನೆ ಎಂದು ಮತ್ತೆ ಮೊದಲಿನಿಂದ. ಬರಹದಲ್ಲಿ ಈ ಜಾಗದಲ್ಲಿ ಪಟ್ಟಿಯನ್ನು ಎರಡನೆಯ ಸಲ ಟೈಪು ಮಾಡಿಲ್ಲ. ಕಂಸದಲ್ಲಿ ‘ಮತ್ತೊಮ್ಮೆ’ ಎಂದಷ್ಟೇ ಇದೆ. ಓದುವವಳು ಪೂರ್ತಿ ಓದಬೇಕು.

ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕಬಹುದು. ಕೈಬರಹದಲ್ಲಿ ಒಂದು ಸಾಮಾನು, ಅದರ ಅಳತೆ ಬರೆಯಲು ಹತ್ತು ಸೆಕೆಂಡು ಬೇಕು. ಏಳಕ್ಕೆ ಎಪ್ಪತ್ತು. ಎರಡನೆಯ ಸಲ ಬರೆಯುವುದಿಲ್ಲ, ತಾಳೆ ನೋಡುವುದು ಮಾತ್ರ, ಅರ್ಧ ಹೊತ್ತು ಸಾಕು. ಪಟ್ಟಿಗೇ ಎರಡು ನಿಮಿಷ ಆಯಿತು. ಮಾಡುವ ಕ್ರಮಕ್ಕೆ ಇನ್ನೆರಡು. ಕಾಲು ಗಂಟೆಯಲ್ಲಿ ಒಂದು ಪಾಕ ಸಲೀಸು, ಎರಡು ಬಿಗಿ, ಮೂರಕ್ಕೆ ಹರಟೆಯನ್ನೇ ಕತ್ತರಿಸಬೇಕು. ಹದಿನೈದು ಸಾಮಾನಿನ ಅಡುಗೆಯಾದರಂತೂ ಕೇಳುವುದೇ ಬೇಡ. ರೇಡಿಯೋ ಪಾಕಗಳು ಸರಳವಾಗಿದ್ದದ್ದಕ್ಕೆ ಬಡತನವೋ ಹಳ್ಳಿತನವೋ ಮಾತ್ರ ಕಾರಣವಲ್ಲ, ಪಟ್ಟಿ ಉದ್ದವಾದರೆ ಸಮಯವೂ ಸಾಲದು, ಬರೆಯುವ ಕೈಯೂ ಸೋಲುತ್ತದೆ.

ಮಾಡುವ ಕ್ರಮ ಹೀಗೆ. ಮೂರು ಕಪ್ಪು ಹಾಲನ್ನು ಬಿಸಿ ಮಾಡಿ, ಕೋಸು ಹಾಕಿ ಎರಡು ನಿಮಿಷ ಬೇಯಿಸಿ. ಆಮೇಲೆ ಕೆನೆ, ಬೆಣ್ಣೆಯಲ್ಲಿ ಕಲಸಿದ ಮೈದಾ, ಉಪ್ಪು, ಮೆಣಸು ಹಾಕಿ, ಕೈ ಬಿಡದೆ ತಿರುವುತ್ತ ದೊಡ್ಡ ಉರಿಯಲ್ಲಿ ಮೂರು ನಾಲ್ಕು ನಿಮಿಷ. ಅಲ್ಲಿಗೆ ಇಳಿಸಿಬಿಡಬೇಕು. ಕೋಸು ಇನ್ನೂ ಕಚ್ಚಿದರೆ ಕರಕರ ಎನ್ನಬೇಕು, ಬಣ್ಣ ಹೋಗಿರಬಾರದು. ಕೆಡುವುದು ಎರಡು ಕಡೆ. ದಪ್ಪಗೆ ಹೆಚ್ಚಿದರೆ ಐದು ನಿಮಿಷದಲ್ಲಿ ಬೇಯುವುದಿಲ್ಲ, ಹೆಂಗಸು ಇನ್ನೈದು ನಿಮಿಷ ಬಿಡುತ್ತಾಳೆ, ಹಳೆಯ ವಾಸನೆ ಮರಳುತ್ತದೆ. ಮೈದಾವನ್ನು ಬೆಣ್ಣೆಯಲ್ಲಿ ಕಲಸದೆ ನೇರವಾಗಿ ಬಿಸಿ ಹಾಲಿಗೆ ಸುರಿದರೆ ಗಂಟುಕಟ್ಟುತ್ತದೆ. ‘ಸಣ್ಣಗೆ ಹೆಚ್ಚಿದ’ ಎಂಬುದನ್ನು ಕ್ರಮದಲ್ಲಿ ಎಲ್ಲೋ ಹೇಳುವ ಬದಲು ಸಾಮಾನಿನ ಪಟ್ಟಿಯಲ್ಲೇ, ಅದೂ ಮೊದಲ ಸಾಲಿನಲ್ಲೇ ಸೇರಿಸಿದ್ದು ಅದಕ್ಕೇ ಇರಬೇಕು. ಕ್ರಮವನ್ನು ಹೆಂಗಸರು ಅರ್ಧ ಬರೆದು ಅರ್ಧ ನೆನಪಿಟ್ಟುಕೊಳ್ಳುತ್ತಾರೆ, ಪಟ್ಟಿಯನ್ನು ಮಾತ್ರ ಪೂರ್ತಿ ಬರೆಯುತ್ತಾರೆ. ಪಟ್ಟಿಗೆ ಸೇರಿದ್ದು ಎರಡು ಸಲ ಕೇಳುತ್ತದೆ.

ಗಾಳಿಯಲ್ಲಿ ಹಾಳಾಗುತ್ತಿದ್ದದ್ದು ಹೆಚ್ಚಾಗಿ ಅಳತೆಗಳೇ. ಬೇಸಿಗೆಯಲ್ಲಿ ಗುಡುಗು ಮಳೆಯ ಸದ್ದು ಪೆಟ್ಟಿಗೆಯಲ್ಲಿ ಕರಕರಿಸುತ್ತದೆ. ಇಂಗ್ಲಿಷಿನಲ್ಲಿ ಚಿಕ್ಕ ಚಮಚಕ್ಕೂ ದೊಡ್ಡ ಚಮಚಕ್ಕೂ ಇರುವ ಹೆಸರುಗಳ ಹಿಂದಿನರ್ಧ ಒಂದೇ. ಮುಂದಿನರ್ಧ ಆ ಸದ್ದಿನಲ್ಲಿ ಮುಳುಗಿದರೆ ಉಪ್ಪು ಮೂರು ಪಟ್ಟಾಗುತ್ತದೆ, ಏಕೆಂದರೆ ಒಂದು ದೊಡ್ಡ ಚಮಚಕ್ಕೆ ಮೂರು ಚಿಕ್ಕ ಚಮಚ. ಒಂದೂವರೆ ಎಂದದ್ದು ಅರ್ಧ ಎಂದು ಕೇಳಿಸುವುದೂ ಸುಲಭ. ಎರಡನೆಯ ಓದಿಗೆ ಬೆಲೆ ಇದ್ದದ್ದು ಇಲ್ಲಿ. ಒಲೆಯ ಬಿಸಿಯದು ಇನ್ನೊಂದು ತೊಡಕು. ಉಷ್ಣತೆ ತೋರಿಸುವ ಗುಂಡಿ ಎಲ್ಲ ಒಲೆಗೂ ಇರಲಿಲ್ಲ, ಸೌದೆ ಕಲ್ಲಿದ್ದಲಿನ ಒಲೆಗಳೇ ಎಷ್ಟೋ. ಹಾಗಾಗಿ ಮಂದ, ಹದ, ಬಿರುಸು ಎಂಬ ಮಾತುಗಳಲ್ಲೇ ಹೆಚ್ಚಿನ ಪಾಕ ಮುಗಿಯುತ್ತಿತ್ತು.

ಪಾಕದ ಹಿಂದೆಯೋ ಮುಂದೆಯೋ ಮೆನು. ಒಂದು ಹೊತ್ತಿನ ಪೂರ್ತಿ ಊಟ, ಮಾಂಸದಿಂದ ಕೊನೆಯ ಸಿಹಿಯವರೆಗೆ. ಆ ದಿನ ಹೇಳಿಕೊಟ್ಟ ಪಾಕ ಅದರಲ್ಲಿ ಒಂದು ಐಟಂ. ಮಿಕ್ಕವು ಎಲ್ಲರಿಗೂ ಮಾಡಲು ಬರುವಂಥವು. ಇದನ್ನೂ ಎರಡು ಸಲ ಓದುತ್ತಿದ್ದರು. ವಿಭಾಗದ ನಿಜವಾದ ಪಾಠ ಅಡಗಿದ್ದದ್ದು ಮೆನುವಿನಲ್ಲಿ: ಹಾಲು, ಹಸಿರು ತರಕಾರಿ, ಹಣ್ಣು ದಿನವೂ ತಟ್ಟೆಗೆ ಬರುವಂತೆ ಅದನ್ನು ಜೋಡಿಸಲಾಗುತ್ತಿತ್ತು. ವಿಟಮಿನ್ನಿನ ಉಪನ್ಯಾಸ ಕೊಟ್ಟರೆ ಕೇಳದವರು ಮೆನುವನ್ನು ಮಾತ್ರ ಬರೆದುಕೊಳ್ಳುತ್ತಿದ್ದರು. ಆರ್ಥಿಕ ಕುಸಿತ ಬಂದ ಮೇಲೆ ಇದು ಇನ್ನೂ ಬಿಗಿಯಾಯಿತು. ಇದೇ ವಿಭಾಗದ ಹೇಝಲ್ ಸ್ಟೀಬೆಲಿಂಗ್ 1931ರಲ್ಲಿ ಸಹೋದ್ಯೋಗಿಯೊಬ್ಬಳ ಜೊತೆ ಸೇರಿ ಕಡಿಮೆ ಆದಾಯದ ಕುಟುಂಬಗಳಿಗೆ ಸಾಕಾಗುವ ಆಹಾರದ ಲೆಕ್ಕ ಹಾಕಿ ಪ್ರಕಟಿಸಿದಳು. ಆಂಟ್ ಸ್ಯಾಮಿಯ ಮೆನುಗಳಲ್ಲೂ ಅಗ್ಗದ ಊಟ, ಉಳಿದದ್ದನ್ನು ಬಳಸುವ ಊಟ ಹೆಚ್ಚಾದವು.

ಕೊನೆಯಲ್ಲಿ ನಾಳೆಯ ವಿಷಯದ ಸುಳಿವು, ಒಂದು ವಾಕ್ಯ.

ಆಕಾಶವಾಣಿಯ ‘ವನಿತಾ ವಿಹಾರ’ ಕೇಳಿ ಬೆಳೆದವರಿಗೆ ಈ ಜೋಡಣೆ ಪೂರ್ತಿ ಅಪರಿಚಿತ ಅನ್ನಿಸಲಾರದು. ಈಗಿನ ನಮ್ಮ ಟಿವಿ ಅಡುಗೆಯಲ್ಲೂ ಒಗ್ಗರಣೆಗಿಂತ ಮೊದಲು ‘ಬೇಕಾಗುವ ಸಾಮಗ್ರಿಗಳು’ ಎಂಬ ಪಟ್ಟಿ ಪರದೆಯ ಮೇಲೆ ಬರುತ್ತದಲ್ಲ. ಅಮೆರಿಕದಿಂದ ನೇರವಾಗಿ ಬಂತು ಎನ್ನುತ್ತಿಲ್ಲ. ಬರೆದುಕೊಳ್ಳುವವರನ್ನು ಎದುರಿಗಿಟ್ಟುಕೊಂಡು ಯೋಚಿಸಿದರೆ ಯಾರಿಗಾದರೂ ಹೊಳೆಯುವ ಕ್ರಮ ಇದು.

ಆದರೆ ಎಲ್ಲರೂ ಬರೆದುಕೊಳ್ಳುವವರನ್ನು ಎದುರಿಗಿಟ್ಟುಕೊಳ್ಳಲಿಲ್ಲ. ಮಿನಿಯಾಪೊಲಿಸ್‌ನ ಒಂದು ಹಿಟ್ಟಿನ ಕಂಪನಿ ಆಂಟ್ ಸ್ಯಾಮಿಗಿಂತ ಮೊದಲೇ, 1924ರಲ್ಲಿ, ಬೆಟ್ಟಿ ಕ್ರಾಕರ್ ಎಂಬ ಕಲ್ಪಿತ ಹೆಸರಿನಲ್ಲಿ ಗಾಳಿಯ ಮೇಲೊಂದು ಅಡುಗೆ ಶಾಲೆ ತೆರೆದಿತ್ತು. ಮಾರ್ಜರಿ ಹಸ್ಟೆಡ್ ಬರೆದದ್ದನ್ನು ಬೇರೆ ಬೇರೆ ಊರಿನ ಬೆಟ್ಟಿಗಳು ಓದುತ್ತಿದ್ದರು, ಒಂದು ಬರಹ ಹಲವು ದನಿ ಎಂಬುದು ಅಲ್ಲೂ ಇತ್ತು. ವ್ಯತ್ಯಾಸ ಇರುವುದು ಶಾಲೆ ಎಂಬ ಚೌಕಟ್ಟಿನಲ್ಲಿ. ಕೇಳುವವಳು ಹೆಸರು ನೋಂದಾಯಿಸಬೇಕು, ಪಾಕ ಮಾಡಿ ನೋಡಿ ವರದಿ ಕಳಿಸಬೇಕು, ಪಾಠ ಮುಗಿಸಿದವಳು ಪದವೀಧರೆ. ಹಿಟ್ಟು ಮಾರುವವರಿಗೆ ಹೆಂಗಸು ಬರೆದುಕೊಂಡರೆ ಸಾಲದು, ಆ ವಾರವೇ ಹಿಟ್ಟು ಕಲಸಬೇಕು. ಆಂಟ್ ಸ್ಯಾಮಿಗೆ ಮಾರಲು ಏನೂ ಇರಲಿಲ್ಲ.

ಬ್ರಿಟನ್ನಿನಲ್ಲಿ ಯುದ್ಧದ ಕಾಲದ ‘ಕಿಚನ್ ಫ್ರಂಟ್’ ಇನ್ನೊಂದು ತುದಿ. 1940ರಲ್ಲಿ ಶುರುವಾದ ಬಿಬಿಸಿಯ ಈ ಕಾರ್ಯಕ್ರಮಕ್ಕೆ ಸಿಕ್ಕಿದ್ದು ಬೆಳಗಿನ ಎಂಟೂಕಾಲಕ್ಕೆ ಐದೇ ನಿಮಿಷ. ರೇಷನ್ ಕಾಲ. ಹೆಂಗಸು ಚೀಲ ಹಿಡಿದು ಸರದಿಯಲ್ಲಿ ನಿಲ್ಲಲು ಹೊರಡುವ ಮೊದಲು ಮಾತು ಕಿವಿಗೆ ಬೀಳಬೇಕು, ಮಧ್ಯಾಹ್ನ ಹೇಳಿದರೆ ಅಷ್ಟರಲ್ಲಿ ಅಂಗಡಿಯಲ್ಲಿ ಸಿಕ್ಕಿದ್ದು ಸಿಕ್ಕಿ ಮುಗಿದಿರುತ್ತದೆ. ಐದು ನಿಮಿಷದಲ್ಲಿ ಎರಡು ಸಲ ಪಟ್ಟಿ ಓದುವುದಕ್ಕೆ ಜಾಗವಿಲ್ಲ. ಹಾಗಾಗಿ ಅವರು ಗರ್ಟ್ ಮತ್ತು ಡೇಸಿ ಎಂಬ ಜೋಡಿ ಹಾಸ್ಯಗಾರ್ತಿಯರನ್ನು, ಮೇಬಲ್ ಕಾನ್‌ಸ್ಟಾಂಡುರೋಸ್‌ಳ ಗ್ರ್ಯಾಂಡ್‌ಮಾ ಬಗಿನ್ಸ್ ಎಂಬ ಮುದುಕಿ ಪಾತ್ರವನ್ನು ಕರೆತಂದರು. ಈ ವಾರ ಆಲೂಗಡ್ಡೆ ಹೇರಳ, ಅದನ್ನೇ ತಿನ್ನಿ ಎಂಬಂಥ ಒಂದೇ ಮಾತು ಮನಸ್ಸಿನಲ್ಲಿ ಉಳಿದರೆ ಗೆದ್ದಂತೆ. ವಿವರವಾದ ಅಳತೆ ಬೇಕಾದವರಿಗೆ ಆಹಾರ ಸಚಿವಾಲಯದ ಕರಪತ್ರಗಳಿದ್ದವು.

ಮತ್ತೆ ಆಂಟ್ ಸ್ಯಾಮಿಗೆ. ಎಷ್ಟೇ ನಿಧಾನವಾಗಿ ಓದಿದರೂ ಬಿಟ್ಟುಹೋಗುವುದು ಬಿಟ್ಟುಹೋಗುತ್ತಿತ್ತು. ಪಾಕವನ್ನು ಅಚ್ಚು ಮಾಡಿ ಕೊಡಿ ಎಂಬ ಪತ್ರಗಳು ಬರತೊಡಗಿ 1927ರಲ್ಲಿ ‘ಆಂಟ್ ಸ್ಯಾಮೀಸ್ ರೇಡಿಯೋ ರೆಸಿಪೀಸ್’ ಪುಸ್ತಿಕೆ ಬಂತು, ತಿಂಗಳಲ್ಲೇ ಮರುಮುದ್ರಣವಾಯಿತು. ರೂತ್ ವ್ಯಾನ್ ಡೆಮನ್ ಮತ್ತು ಫ್ಯಾನಿ ವಾಕರ್ ಯೇಟ್‌ಮನ್ ಅದನ್ನು ಪರಿಷ್ಕರಿಸಿ 1931ರಲ್ಲಿ ಹೊಸ ಆವೃತ್ತಿ ತಂದರು. ಮರುವರ್ಷ ಅದು ಬ್ರೈಲ್ ಲಿಪಿಯಲ್ಲೂ ಬಂತು. ಬ್ರೈಲ್‌ನಲ್ಲಿ ಅಚ್ಚಾದ ಮೊದಲ ಅಡುಗೆ ಪುಸ್ತಕ ಅದೇ ಎಂದು ಕೃಷಿ ಇಲಾಖೆ ಹೇಳಿಕೊಂಡಿದೆ. ಕಣ್ಣಿಲ್ಲದವರು ಕಿವಿಯಿಂದಲೇ ಅಡುಗೆ ಕಲಿಯಬಹುದಾಗಿದ್ದ ಕಾರ್ಯಕ್ರಮ ಅದಾದ್ದರಿಂದ ಅಂಥ ಪುಸ್ತಕಕ್ಕೆ ಕೇಳಿಕೆ ಬಂದದ್ದು ಸಹಜ.

ಈ ಹರಟೆ ಎಲ್ಲರ ಮನೆಗೂ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. 1930ರ ಜನಗಣತಿಯಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಸುಮಾರು 40ರಲ್ಲಿ ರೇಡಿಯೋ ಇತ್ತು. ಹೊಲಗಳ ನಡುವಿನ ಮನೆಗಳಲ್ಲಿ ಸುಮಾರು 20ರಲ್ಲಿ. ದಕ್ಷಿಣದ ಬಡ ಗೇಣಿದಾರರ, ಅದರಲ್ಲೂ ಕಪ್ಪು ಜನರ ಮನೆಗಳಲ್ಲಿ ಇನ್ನೂ ತೀರ ಕಡಿಮೆ. ಕಡಿಮೆ ದುಡ್ಡಿನ ಊಟದ ಸಲಹೆ ಯಾರಿಗೆ ತುರ್ತಾಗಿ ಬೇಕಿತ್ತೋ ಅವರಲ್ಲಿ ಬಹಳ ಮಂದಿಯ ಬಳಿ ಪೆಟ್ಟಿಗೆಯೇ ಇರಲಿಲ್ಲ. ಮೆನುವೂ ಮಧ್ಯಮ ವರ್ಗದ ಬಿಳಿಯರ ಮೇಜಿನದು. ಇಟಲಿ, ಮೆಕ್ಸಿಕೊ, ಚೀನಾದಿಂದ ಬಂದವರ ಅಡುಗೆಗಳು ಆಗೀಗ ಬಂದರೂ ಖಾರ, ಮಸಾಲೆ ಕಳೆದುಕೊಂಡೇ ಬರುತ್ತಿದ್ದವು.

1932ರ ಹೊತ್ತಿಗೆ 190ಕ್ಕೂ ಹೆಚ್ಚು ಕೇಂದ್ರಗಳು ಈ ಬರಹ ತರಿಸಿಕೊಳ್ಳುತ್ತಿದ್ದವು. ಎರಡೇ ವರ್ಷದಲ್ಲಿ ಇಲಾಖೆ ಆಂಟ್ ಸ್ಯಾಮಿಯನ್ನು ನಿವೃತ್ತಿಗೊಳಿಸಿತು. 1934ರಿಂದ ಕಾರ್ಯಕ್ರಮದ ಹೆಸರು ‘ಹೋಮ್‌ಮೇಕರ್ಸ್ ಚಾಟ್’. ಅಷ್ಟರಲ್ಲಿ ರೇಡಿಯೋ ಜಾಲಗಳು ಬೆಳೆದಿದ್ದವು. 1928ರಲ್ಲಿ ಶುರುವಾದ ಎನ್‌ಬಿಸಿಯ ‘ನ್ಯಾಷನಲ್ ಫಾರ್ಮ್ ಅಂಡ್ ಹೋಮ್ ಅವರ್’ನಲ್ಲಿ ಇಲಾಖೆಯ ತಜ್ಞೆಯರೇ ಮೈಕಿನ ಮುಂದೆ ಬಂದು ದೇಶಕ್ಕೆಲ್ಲ ಒಂದೇ ದನಿಯಲ್ಲಿ ಮಾತಾಡಬಹುದಾಗಿತ್ತು. ತಜ್ಞೆಯೇ ಮಾತಾಡುವಾಗ ಅವಳ ಮಾತನ್ನು ಹೊತ್ತು ತರುವ ಚಿಕ್ಕಮ್ಮನ ಅಗತ್ಯ ಕಡಿಮೆಯಾಯಿತು. ಎಬನೀಜರ್, ಬಿಲ್ಲಿ, ಪಕ್ಕದ ಮನೆಯಾಕೆ ಹಿಂದೆ ಸರಿದರು. ಬರಹಗಳು ಮುಂದೆಯೂ, 1940ರ ದಶಕದ ನಡುವಿನವರೆಗೆ, ಅಂಚೆಯಲ್ಲಿ ಹೋಗುತ್ತಲೇ ಇದ್ದವು. ಯುದ್ಧದ ವರ್ಷಗಳಲ್ಲಿ ಅವುಗಳ ತುಂಬ ಸಕ್ಕರೆ ಉಳಿಸುವುದು, ತರಕಾರಿಯನ್ನು ಶೀಶೆಯಲ್ಲಿ ತುಂಬಿಡುವುದು, ಇಂಥ ಸಲಹೆಗಳು.

1976ರಲ್ಲಿ, ದೇಶ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬಿದಾಗ, ಕೃಷಿ ಇಲಾಖೆ ಆಂಟ್ ಸ್ಯಾಮಿಯ ಪಾಕಗಳಲ್ಲಿ ಕೆಲವನ್ನು ಆರಿಸಿ, ತನ್ನ ಇನ್ನಷ್ಟು ಪಾಕಗಳನ್ನು ಸೇರಿಸಿ ಪುಸ್ತಕವಾಗಿ ಹೊರತಂದಿತು. ಅದು ಅಡುಗೆ ಮಾಡುವವರಿಗೆ ಒದಗುವ ಪುಸ್ತಕ. ಕಾರ್ಯಕ್ರಮವನ್ನು ಹೇಗೆ ಕಟ್ಟುತ್ತಿದ್ದರು ಎಂದು ನೋಡಬೇಕಾದವರು ಮಾತ್ರ ಟೈಪು ಮಾಡಿದ ಆ ದಿನದಿನದ ಹಾಳೆಗಳಿಗೇ ಹೋಗಬೇಕು.